ಆದಾಯ ತರುವ ವಿಡಿಯೋ: ಹಾಡು, ಅಕ್ಷರ, ದೃಶ್ಯಗಳ ಹಕ್ಕು

ಉಲ್ಹಾಸನಗರದ ಸಂಘವೊಂದು ತನ್ನ ರಾಜ್ಯೋತ್ಸವದ ವಿಡಿಯೋವನ್ನು ಜಾಹೀರಾತಿನ ಆದಾಯವುಳ್ಳ ಯೂಟ್ಯೂಬ್ ವಾಹಿನಿಯಲ್ಲಿ ಪ್ರಕಟಿಸಲಿದೆ ಎಂದು ಭಾವಿಸೋಣ.

ಹಾಡೊಂದರಲ್ಲಿ ಸಾಹಿತ್ಯ, ರಾಗಸಂಯೋಜನೆ ಹಾಗೂ ಧ್ವನಿಮುದ್ರಣ ಎಂಬ ಮೂರು ಪ್ರತ್ಯೇಕ ಹಕ್ಕುಗಳಿವೆ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಮೊದಲೆರಡು ಕರ್ತೃವಿನ ಮರಣದ ಮರುವರ್ಷದಿಂದ 60 ವರ್ಷ, ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ಮರುವರ್ಷದಿಂದ 60 ವರ್ಷ ಉಳಿಯುತ್ತವೆ. ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ’ ಗೀತೆಯನ್ನು 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಲಾಯಿತು. ನೂರು ವರ್ಷ ಸಂದರೂ ಅದು ಮುಕ್ತವಲ್ಲ. ಕವಿಗಳು ನಿಧನರಾದದ್ದು 1971ರಲ್ಲಿ. ಆದುದರಿಂದ 2031ರ ಅಂತ್ಯದವರೆಗೆ ಸಾಹಿತ್ಯದ ಹಕ್ಕುದಾರರ ಲಿಖಿತ ಅನುಮತಿ ಬೇಕು.

ಪುರಂದರದಾಸರ ಪದಗಳು ಎಲ್ಲರಿಗೂ ಮುಕ್ತ. ಆದರೆ 1975ರ ಧ್ವನಿಮುದ್ರಿಕೆಯಿಂದ ಅದನ್ನು ತೆಗೆದುಕೊಂಡರೆ 2035ರವರೆಗೆ ಕಂಪನಿಯ ಹಕ್ಕಿದೆ. ಸಾಂಪ್ರದಾಯಿಕ ಧಾಟಿಯಲ್ಲಿ ಸದಸ್ಯರಿಂದಲೇ ಹಾಡಿಸಿ, ಗಾಯಕರು ಹಾಗೂ ವಾದ್ಯದವರಿಂದ ಒಪ್ಪಿಗೆಪತ್ರ ಪಡೆಯುವುದು ಸುರಕ್ಷಿತ.

ಶೀರ್ಷಿಕೆಗೆ ನೋಟೋ ಸಾನ್ಸ್ ಕನ್ನಡ ಫಾಂಟನ್ನು ಬಳಸಬಹುದು. ಅದರ ಮುಕ್ತ ಪರವಾನಗಿ ವಾಣಿಜ್ಯ ಬಳಕೆಗೂ ಅನ್ವಯಿಸುತ್ತದೆ. ‘ವೈಯಕ್ತಿಕ ಬಳಕೆಗೆ ಮಾತ್ರ’ ಎಂದಿರುವ ಫಾಂಟುಗಳು ಸಲ್ಲವು. ಸಿದ್ಧ ದೃಶ್ಯತುಣುಕುಗಳಲ್ಲಿ CC BY-NC ಅಥವಾ Editorial use only ಎಂಬ ಗುರುತಿದ್ದರೆ ಬಿಡಬೇಕು.

ಪ್ರಕಟಣೆಗೆ ಮುನ್ನ ವಿಡಿಯೋವನ್ನು ಖಾಸಗಿಯಾಗಿ ಏರಿಸಿದರೆ ಯೂಟ್ಯೂಬಿನ ತಪಾಸಣೆಯಲ್ಲಿ ಅನ್ಯರ ಹಕ್ಕುಸಾಧನೆ ಕಾಣಬಹುದು. ಅಲ್ಲಿ ಏನೂ ಕಾಣದಿರುವುದು ಅನುಮತಿಯಲ್ಲ. ಹಕ್ಕು ಸಾಧಿಸಿದವರಿಗೆ ಆದಾಯವೂ ಹೋಗಬಹುದಾದುದರಿಂದ, ಅನುಮತಿಪತ್ರ ಮತ್ತು ಪರವಾನಗಿಯ ಪ್ರತಿಗಳನ್ನು ದಿನಾಂಕಸಹಿತ ಕಡತದಲ್ಲಿಡಬೇಕೆಂದು ನಾವು ಸೂಚಿಸುತ್ತೇವೆ.