ಸೀರೆಯ ಬೆಲೆ, ಕೈಗೆ ಬಂದ ಹಣ: ಚಿಕ್ಕಬಳ್ಳಾಪುರ ಸೀಮೆಯ ಆನ್‌ಲೈನ್ ಮಾರಾಟಗಾರನ ಲೆಕ್ಕದ ಒಂದು ವಿಶ್ಲೇಷಣೆ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ರೈತ ತನ್ನ ಗೂಡಿನ ಮುಂದೆಯೇ ನಿಂತಿರುತ್ತಾನೆ. ರೀಲರುಗಳು ಹರಾಜಿನಲ್ಲಿ ಬೆಲೆ ಹಾಕುವುದು, ಗೂಡು ತೂಗುವುದು, ಮಾರುಕಟ್ಟೆ ಶುಲ್ಕ ಮುರಿಯುವುದು ಎಲ್ಲವೂ ಒಂದೇ ಆವರಣದೊಳಗೆ ನಡೆಯುತ್ತವೆ. ಅದೇ ಊರಿನ ರೇಷ್ಮೆ ಸೀರೆಯಾಗಿ ಆನ್‌ಲೈನ್ ಮಾರುಕಟ್ಟೆಗೆ ಹೋದಾಗ ಮಾರಿದವನ ಕಣ್ಣಿಗೆ ಬೀಳುವುದು ಬ್ಯಾಂಕ್ ಖಾತೆಗೆ ಜಮೆಯಾದ ಒಂದು ಮೊತ್ತ ಮಾತ್ರ. ಬೆಲೆಗೂ ಆ ಮೊತ್ತಕ್ಕೂ ನಡುವಿನ ಅಂತರವನ್ನು ಹೆಚ್ಚಿನವರು "ಕಟ್ ಆಯಿತು" ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಹಾಗೆ ಕಡಿತವಾದ ಹಣದಲ್ಲಿ ಒಂದು ಭಾಗ ಖರ್ಚು, ಇನ್ನೊಂದು ಭಾಗ ಮಾರಾಟಗಾರನ ಸ್ವಂತ ಹಣ. ಇವೆರಡನ್ನು ಬೇರ್ಪಡಿಸುವುದು ಈ ಲೇಖನದ ಉದ್ದೇಶ.

ಲೆಕ್ಕ ತಿಳಿಯಲು ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಜಿಎಸ್‌ಟಿ ನೋಂದಣಿ ಇರುವ ಶಿಡ್ಲಘಟ್ಟದ ಒಬ್ಬ ವ್ಯಾಪಾರಿ ಒಂದು ರೇಷ್ಮೆ ಸೀರೆಯನ್ನು ಪುಣೆಯ ಗ್ರಾಹಕಿಗೆ 5,250 ರೂಪಾಯಿಗೆ ಮಾರಿದ್ದಾನೆ. ರೇಷ್ಮೆ ಬಟ್ಟೆಗೆ ಜಿಎಸ್‌ಟಿ ಶೇ. 5. ಹಾಗಾಗಿ ಸೀರೆಯ ಮೌಲ್ಯ 5,000, ತೆರಿಗೆ 250. ಪ್ಲಾಟ್‌ಫಾರ್ಮ್ ಕಮಿಷನ್ ಶೇ. 10ರಂತೆ 525, ಪ್ರತಿ ಆರ್ಡರಿನ ನಿಗದಿತ ಶುಲ್ಕ 40, ಸಾಗಣೆ 135, ಒಟ್ಟು 700 ಎಂದಿರಲಿ. ಈ ದರಗಳು ಕಂಪನಿಯಿಂದ ಕಂಪನಿಗೆ, ವಸ್ತುವಿನಿಂದ ವಸ್ತುವಿಗೆ ಬದಲಾಗುತ್ತವೆ. ಬದಲಾಗದಿರುವುದು ಈ ಶುಲ್ಕದ ಮೇಲೆ ಬೀಳುವ ಶೇ. 18ರ ಜಿಎಸ್‌ಟಿ. ಅದು 126 ರೂಪಾಯಿ.

ಇದರ ಮೇಲೆ ಇನ್ನೂ ಎರಡು ಸಣ್ಣ ಕಡಿತಗಳಿವೆ. ಮೊದಲನೆಯದು ಕೇಂದ್ರ ಜಿಎಸ್‌ಟಿ ಕಾಯ್ದೆಯ 52ನೇ ಕಲಮಿನಂತೆ ಪ್ಲಾಟ್‌ಫಾರ್ಮ್ ಮೂಲದಲ್ಲೇ ಸಂಗ್ರಹಿಸುವ ತೆರಿಗೆ, ಅಂದರೆ ಟಿಸಿಎಸ್. 2018ರ ಅಕ್ಟೋಬರ್ 1ರಿಂದ ಶೇ. 1 ಇದ್ದ ಇದು 2024ರ ಜುಲೈ 10ರಿಂದ ಶೇ. 0.5ಕ್ಕೆ ಇಳಿಯಿತು. ಇದನ್ನು ಲೆಕ್ಕ ಹಾಕುವುದು 5,250ರ ಮೇಲಲ್ಲ, ತೆರಿಗೆ ಬಿಟ್ಟ 5,000ದ ಮೇಲೆ. ಆದ್ದರಿಂದ ಮೊತ್ತ 25. ಎರಡನೆಯದು 1961ರ ಆದಾಯ ತೆರಿಗೆ ಕಾಯ್ದೆಯ 194-ಓ ಕಲಮಿನೊಂದಿಗೆ 2020ರಲ್ಲಿ ಬಂದ ಟಿಡಿಎಸ್. ಅದರ ದರವನ್ನು 2024ರ ಅಕ್ಟೋಬರ್ 1ರಿಂದ ಶೇ. 0.1ಕ್ಕೆ ಇಳಿಸಲಾಯಿತು. ಇಲ್ಲಿ ಅದು 5 ರೂಪಾಯಿ.

ಹೀಗೆ 5,250ರಲ್ಲಿ 700, 126, 25, 5 ಕಳೆದು ಖಾತೆಗೆ ಬಂದದ್ದು 4,394. ವ್ಯಾಪಾರಿಯ ಮೊದಲ ತಪ್ಪು ಇಲ್ಲೇ ಹುಟ್ಟುತ್ತದೆ: ಬಂದ 4,394ನ್ನೇ ಮಾರಾಟವೆಂದು ಪುಸ್ತಕದಲ್ಲಿ ಬರೆದುಬಿಡುತ್ತಾನೆ. ಮಾರಾಟ 5,000, ಖರ್ಚು 700. ಶುಲ್ಕದ ಮೇಲಿನ 126 ಇನ್‌ಪುಟ್ ಕ್ರೆಡಿಟ್ ಆಗಿ ಹಿಂದಿರುಗುತ್ತದೆ. ಗ್ರಾಹಕಿಯಿಂದ ಪಡೆದ 250ರಲ್ಲಿ ಅದನ್ನು ಕಳೆದರೆ ಸರ್ಕಾರಕ್ಕೆ ಕಟ್ಟಬೇಕಾದದ್ದು 124. ಅದರಲ್ಲಿ 25 ಟಿಸಿಎಸ್ ರೂಪದಲ್ಲಿ ಆಗಲೇ ಅವನ ಹೆಸರಿಗೆ ಸಂದಿದೆ, ಉಳಿದ 99ನ್ನು ಕೈಯಿಂದ ಕಟ್ಟುತ್ತಾನೆ. 4,394ರಲ್ಲಿ 99 ಹೋಗಿ 4,295 ಉಳಿಯಿತು. ಟಿಡಿಎಸ್‌ನ 5 ರೂಪಾಯಿ ವರ್ಷಾಂತ್ಯದ ರಿಟರ್ನ್‌ನಲ್ಲಿ ಸಿಗುತ್ತದೆ. ಕೂಡಿದರೆ 4,300. ಇದು ಸರಿಯಾಗಿ 5,000ದಲ್ಲಿ 700 ಕಳೆದ ಮೊತ್ತವೇ. ಸೀರೆ ಕೊಂಡಾಗ ಕಟ್ಟಿದ ತೆರಿಗೆಯನ್ನು ಇಲ್ಲಿ ಬದಿಗಿಟ್ಟಿದ್ದೇನೆ. ಅದನ್ನು ಸೇರಿಸಿದರೂ ಕಮಿಷನ್, ನಿಗದಿತ ಶುಲ್ಕ ಮತ್ತು ಸಾಗಣೆಯ 700 ಬಿಟ್ಟರೆ ಬೇರಾವ ಕಡಿತವೂ ಖರ್ಚಾಗುವುದಿಲ್ಲ.

ಆದರೆ ಆ 25 ರೂಪಾಯಿ ತಾನಾಗಿ ಬಂದು ಕೈಸೇರುವುದಿಲ್ಲ. ಪ್ಲಾಟ್‌ಫಾರ್ಮ್ ಮುಂದಿನ ತಿಂಗಳ 10ರೊಳಗೆ ಜಿಎಸ್‌ಟಿಆರ್-8 ಸಲ್ಲಿಸುತ್ತದೆ. ಆಮೇಲೆ ವ್ಯಾಪಾರಿ ಜಿಎಸ್‌ಟಿ ಪೋರ್ಟಲ್‌ನಲ್ಲಿ TDS and TCS Credit Received ಎಂಬಲ್ಲಿಗೆ ಹೋಗಿ ಅದನ್ನು ಒಪ್ಪಿ ಸಲ್ಲಿಸಬೇಕು. ಆಗ ಹಣ ಅವನ ನಗದು ಲೆಡ್ಜರಿಗೆ ಬೀಳುತ್ತದೆ. ಪುಣೆಯ ಮಾರಾಟವಾದ್ದರಿಂದ ಅದು ಐಜಿಎಸ್‌ಟಿ ತಲೆಬರಹದಲ್ಲಿ ಕೂರುತ್ತದೆ. ಆ ತಿಂಗಳು ಐಜಿಎಸ್‌ಟಿ ಬಾಕಿಯೇ ಇಲ್ಲದಿದ್ದರೆ ಹಣ ಅಲ್ಲೇ ಉಳಿಯುತ್ತದೆ. ಪಿಎಂಟಿ-09 ನಮೂನೆಯಲ್ಲಿ ಬೇರೆ ತಲೆಬರಹಕ್ಕೆ ವರ್ಗಾಯಿಸಬಹುದು, ಇಲ್ಲವೇ ಮರುಪಾವತಿ ಕೇಳಬಹುದು. ಒಂದು ಸೀರೆಗೆ 25 ಎಂದರೆ ಸಣ್ಣದು, ಸಾವಿರ ಸೀರೆಗೆ 25,000. ವರ್ಷಗಟ್ಟಲೆ ಆ ಪುಟವನ್ನೇ ತೆರೆಯದವರಿಗೆ ಅದು ಶುದ್ಧ ನಷ್ಟದಂತೆ ಕಾಣುತ್ತದೆ. ನಿಜವಾಗಿ ಅದು ಕೇಳದೆ ಬಿಟ್ಟ ಹಣ.

ಸಾಗಣೆ ಶುಲ್ಕದ ಪ್ರಶ್ನೆ ಬೇರೆ, ಅಲ್ಲಿ ಹೋದದ್ದು ಹೋಯಿತು. ಅದನ್ನು ನಿರ್ಧರಿಸುವುದು ಸೀರೆಗಿಂತ ಹೆಚ್ಚಾಗಿ ಡಬ್ಬ. ಕೊರಿಯರ್ ಲೆಕ್ಕದಲ್ಲಿ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. ಬಂದ ಅಂಕಿ ಮತ್ತು ನಿಜವಾದ ತೂಕ ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ. ಮುಕ್ಕಾಲು ಕಿಲೋ ತೂಗುವ ಸೀರೆಯನ್ನು 38, 30, 6 ಸೆಂಟಿಮೀಟರಿನ ಡಬ್ಬದಲ್ಲಿಟ್ಟರೆ ಗಾತ್ರದ ತೂಕ 1.37 ಕಿಲೋ. ಅರ್ಧ ಕಿಲೋ ಹಂತಗಳ ದರಪಟ್ಟಿಯಲ್ಲಿ ಅದು ಒಂದೂವರೆ ಕಿಲೋದ ಸಾಲಿಗೆ ಹೋಗುತ್ತದೆ. ಅದೇ ಸೀರೆ 35, 26, 5ರ ಡಬ್ಬದಲ್ಲಿದ್ದರೆ 0.91 ಕಿಲೋ, ಒಂದು ಕಿಲೋದ ಸಾಲು. ಗೂಡಿನ ಮಾರುಕಟ್ಟೆಯ ತಕ್ಕಡಿ ರೈತನ ಕಣ್ಣೆದುರು ಇರುತ್ತದೆ, ಈ ಅಳತೆ ನಡೆಯುವುದು ದೂರದ ಗೋದಾಮಿನಲ್ಲಿ. ಹಾಗಾಗಿ ಪ್ಯಾಕ್ ಮಾಡಿದ ಡಬ್ಬವನ್ನು ಟೇಪಿನೊಂದಿಗೆ, ತಕ್ಕಡಿಯ ಮೇಲೆ ಫೋಟೊ ತೆಗೆದಿಡುವುದೊಂದೇ ಮಾರಾಟಗಾರನ ಕೈಯಲ್ಲಿರುವ ಸಾಕ್ಷ್ಯ. ಒಂದೇ ಬಗೆಯ ಸರಕಿಗೆ ಎರಡು ಆರ್ಡರುಗಳಲ್ಲಿ ಸಾಗಣೆ ಶುಲ್ಕ ಬೇರೆ ಬೇರೆ ಬಂದರೆ ಮೊದಲು ನೋಡಬೇಕಾದದ್ದು ಈ ತೂಕದ ಸಾಲನ್ನೇ.

ನೋಂದಣಿ ಇಲ್ಲದ ಸಣ್ಣ ಮಾರಾಟಗಾರನ ಸ್ಥಿತಿ ಈ ಜಿಲ್ಲೆಯಲ್ಲಿ ವಿಶೇಷವಾಗಿ ಗಮನಿಸತಕ್ಕದ್ದು. ಆನ್‌ಲೈನಿನಲ್ಲಿ ಸರಕು ಮಾರುವವರಿಗೆ ಹಿಂದೆ ವಹಿವಾಟು ಎಷ್ಟೇ ಇರಲಿ ನೋಂದಣಿ ಕಡ್ಡಾಯವಿತ್ತು. 2023ರ ಅಕ್ಟೋಬರ್ 1ರಿಂದ ಮಿತಿಯೊಳಗಿನ ಮಾರಾಟಗಾರ, ಕರ್ನಾಟಕದಲ್ಲಿ ಸರಕಿಗೆ ವರ್ಷಕ್ಕೆ 40 ಲಕ್ಷ, ಪೋರ್ಟಲ್‌ನಲ್ಲಿ ದಾಖಲಾತಿ ಸಂಖ್ಯೆ ಪಡೆದು ನೋಂದಣಿ ಇಲ್ಲದೆಯೇ ಮಾರಬಹುದು. ಅವನಿಂದ ಟಿಸಿಎಸ್ ಸಂಗ್ರಹಿಸುವಂತಿಲ್ಲ. ಆದರೆ ಮಾರಾಟ ರಾಜ್ಯದೊಳಗೇ ಇರಬೇಕು, ಶುಲ್ಕದ ಮೇಲಿನ ಶೇ. 18 ತೆರಿಗೆ ಹಿಂದಿರುಗುವುದಿಲ್ಲ. ನಮ್ಮ ಉದಾಹರಣೆಯ 126 ರೂಪಾಯಿ ಅವನಿಗೆ ಖರ್ಚೇ.

ಗಡಿಯ ಷರತ್ತು ಕಾಗದದ ಮೇಲೆ ಸಣ್ಣದಾಗಿ ಕಾಣುತ್ತದೆ. ಗೌರಿಬಿದನೂರಿನಲ್ಲಿ ನಿಂತು ನೋಡಿದರೆ ಹಾಗಲ್ಲ. ಅಲ್ಲಿಂದ ಹಿಂದೂಪುರಕ್ಕೆ ಸಂತೆ, ಸಂಬಂಧ, ವ್ಯಾಪಾರ ಎಲ್ಲಕ್ಕೂ ಜನ ಓಡಾಡುತ್ತಾರೆ. ಚಿಂತಾಮಣಿಯವರಿಗೆ ಮದನಪಲ್ಲಿಯೂ ಹಾಗೆಯೇ. ಇವೆರಡೂ ಆಂಧ್ರಪ್ರದೇಶ. ನೋಂದಣಿ ಇಲ್ಲದ ಗೌರಿಬಿದನೂರಿನ ಹೆಣ್ಣುಮಗಳು ತಾನು ಮಾಡಿದ ಸರಕನ್ನು ರಾಜ್ಯದ ಇನ್ನೊಂದು ತುದಿಯ ಬೀದರಿಗೆ ಪ್ಲಾಟ್‌ಫಾರ್ಮ್ ಮೂಲಕ ಕಳುಹಿಸಬಹುದು, ಪಕ್ಕದ ಹಿಂದೂಪುರಕ್ಕೆ ಕಳುಹಿಸುವಂತಿಲ್ಲ. ಟಿಸಿಎಸ್ ದರ ಅರ್ಧಕ್ಕಿಳಿದದ್ದು ನೋಂದಾಯಿತ ವ್ಯಾಪಾರಿಯ ಕೈಯಲ್ಲಿ ಸ್ವಲ್ಪ ಹೆಚ್ಚು ಹಣ ಉಳಿಸಿದೆ. ಸಣ್ಣ ಮಾರಾಟಗಾರರಿಗೆ, ಅದರಲ್ಲೂ ಗಡಿ ತಾಲ್ಲೂಕಿನವರಿಗೆ, ಅದಕ್ಕಿಂತ ಹೆಚ್ಚು ಬೇಕಾಗಿರುವುದು ಈ ರಾಜ್ಯದೊಳಗಿನ ಷರತ್ತಿನ ಸಡಿಲಿಕೆ. ಜಿಎಸ್‌ಟಿ ಮಂಡಳಿ ಇದನ್ನು ಪರಿಶೀಲಿಸಬೇಕು.