ಮ್ಯೂಟ್ ಕೀಲಿ: ಸ್ಲೈಡ್ ತೋರಿಸುವಾಗ ಕೈಕೊಡುವುದೇಕೆ?

ಆನ್‌ಲೈನ್ ಸಭೆಯಲ್ಲಿ ಸ್ಲೈಡ್ ತೋರಿಸುತ್ತಾ ಎರಡು ನಿಮಿಷ ಮಾತಾಡಿದ ಮೇಲೆ ಯಾರೋ ಒಬ್ಬರು ಚಾಟ್‌ನಲ್ಲಿ "ಸರ್, ಮ್ಯೂಟ್‌ನಲ್ಲಿದ್ದೀರಿ" ಎಂದು ಬರೆಯುತ್ತಾರೆ. ಆ ಚಾಟ್ ಕಾಣುವುದೂ ತಡವಾಗಿಯೇ, ಏಕೆಂದರೆ ಪರದೆ ತುಂಬ ಸ್ಲೈಡೇ ಇರುತ್ತದೆ. ಇದನ್ನು ಮರೆವು ಎಂದು ತಳ್ಳಿಹಾಕುತ್ತೇವೆ. ಆದರೆ ಎಷ್ಟೋ ಸಲ ಕೀಲಿ ಒತ್ತಿರುತ್ತೇವೆ, ಅದು ಸಭೆಗೆ ತಲುಪಿರುವುದಿಲ್ಲ.

ಕೀಲಿ ಯಾರಿಗೆ ಸೇರುತ್ತದೆ

ವಿಂಡೋಸ್ ಕಂಪ್ಯೂಟರಿನಲ್ಲಿ ಜೂಮ್‌ನ ಮ್ಯೂಟ್ ಶಾರ್ಟ್‌ಕಟ್ `Alt+A`, ಟೀಮ್ಸ್‌ನದು `Ctrl+Shift+M`, ಗೂಗಲ್ ಮೀಟ್‌ನದು `Ctrl+D`. ಒಮ್ಮೆ ಒತ್ತಿದರೆ ಮೈಕ್ ಬಂದ್, ಮತ್ತೊಮ್ಮೆ ಒತ್ತಿದರೆ ಚಾಲೂ. ಆದರೆ ಕೀಬೋರ್ಡಿನಲ್ಲಿ ಒತ್ತಿದ್ದು ಸಾಮಾನ್ಯವಾಗಿ ಆ ಹೊತ್ತಿಗೆ ಮುಂದಿರುವ, ನೀವು ಕೊನೆಯದಾಗಿ ಕ್ಲಿಕ್ ಮಾಡಿದ ವಿಂಡೋಗೆ ಮಾತ್ರ ಸೇರುತ್ತದೆ. ಮಾತು ಕೇಳುತ್ತಾ ಕೂತವರ ಮುಂದೆ ಸಭೆಯ ವಿಂಡೋ ಇರುವುದರಿಂದ ಅವರಿಗೆ ತೊಂದರೆಯಿಲ್ಲ. ಸ್ಲೈಡ್ ತೋರಿಸುವವರ ಮುಂದಿರುವುದು ಪವರ್‌ಪಾಯಿಂಟ್. ಮೀಟ್‌ನಲ್ಲಿದ್ದುಕೊಂಡು ಕ್ರೋಮ್‌ನ ಇನ್ನೊಂದು ಟ್ಯಾಬ್‌ನಲ್ಲಿ `Ctrl+D` ಒತ್ತಿ ನೋಡಿ: ಮೈಕ್ ಇದ್ದ ಹಾಗೇ ಇರುತ್ತದೆ, ಆ ಪುಟ ಬುಕ್‌ಮಾರ್ಕ್ ಆಗುತ್ತದೆ.

ಒತ್ತಿ ಹಿಡಿದು ಮಾತಾಡುವ ವಿಧಾನ

ಪುಶ್-ಟು-ಟಾಕ್ ಎಂದರೆ ಪೊಲೀಸರ ವಾಕಿಟಾಕಿಯ ಕ್ರಮ. ಮೈಕ್ ಸದಾ ಮ್ಯೂಟ್‌ನಲ್ಲಿರುತ್ತದೆ. ಕೀಲಿ ಹಿಡಿದಷ್ಟು ಹೊತ್ತು ಮಾತ್ರ ತೆರೆದು, ಬಿಟ್ಟೊಡನೆ ಮುಚ್ಚಿಕೊಳ್ಳುತ್ತದೆ. ಜೂಮ್ ಮತ್ತು ಮೀಟ್‌ನಲ್ಲಿ ಇದಕ್ಕೆ ಸ್ಪೇಸ್ ಬಾರ್, ವಿಂಡೋಸ್‌ನ ಟೀಮ್ಸ್‌ನಲ್ಲಿ `Ctrl+Space`. ಸೆಟ್ಟಿಂಗ್ಸ್‌ನಲ್ಲಿ ಇದು ಚಾಲೂ ಇದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಇದರ ಗುಣವೆಂದರೆ ಈಗ ಮ್ಯೂಟ್ ಇದೆಯೋ ಇಲ್ಲವೋ ಎಂದು ನೆನಪಿಡಬೇಕಾಗಿಲ್ಲ, ಬೆರಳಿಗೇ ಗೊತ್ತಿರುತ್ತದೆ. ದೋಷವೂ ಇದೆ. ಒತ್ತಿದ ಕೂಡಲೇ ಬಾಯಿ ತೆರೆದರೆ ಮೊದಲ ಅಕ್ಷರ ನುಂಗಿಹೋಗುತ್ತದೆ, ಬೇಗ ಬಿಟ್ಟರೆ ಕೊನೆಯ ಪದ ತುಂಡಾಗುತ್ತದೆ. ಎರಡೂ ಕಡೆ ಅರೆಕ್ಷಣ ಬಿಡುವುದು ರೂಢಿಯಾಗಬೇಕು.

ಸ್ಲೈಡ್ ತೋರಿಸುವಾಗ ಮಾತ್ರ ಸ್ಪೇಸ್ ಬಾರ್ ನಂಬುವಂತಿಲ್ಲ. ಪವರ್‌ಪಾಯಿಂಟ್‌ನ ಸ್ಲೈಡ್ ಶೋನಲ್ಲಿ ಸ್ಪೇಸ್ ಒತ್ತಿದರೆ ಮುಂದಿನ ಸ್ಲೈಡ್ ಬರುತ್ತದೆ. ನೀವು ಮಾತಾಡಲು ಒತ್ತುತ್ತೀರಿ, ಸ್ಲೈಡ್ ಓಡುತ್ತದೆ, ಧ್ವನಿ ಹೋಗುವುದಿಲ್ಲ. ಆದ್ದರಿಂದ ನಲವತ್ತು ನಿಮಿಷ ಒಬ್ಬರೇ ಮಾತಾಡುವುದಿದ್ದರೆ ನನ್ನ ಮತ ಒಮ್ಮೆ ಒತ್ತುವ ಶಾರ್ಟ್‌ಕಟ್‌ಗೇ. ಕೊನೆಯ ಪ್ರಶ್ನೋತ್ತರಕ್ಕೆ, ಸ್ಲೈಡ್ ಮುಚ್ಚಿ ಸಭೆಯ ವಿಂಡೋಗೆ ಬಂದ ಮೇಲೆ, ಒತ್ತಿ ಹಿಡಿಯುವುದು ಸಾಕು.

ಜೂಮ್‌ನಲ್ಲಿ ಸರಿಪಡಿಸುವ ಬಗೆ

ಒಬ್ಬ ಉಪನ್ಯಾಸಕರು ಜೂಮ್‌ನಲ್ಲಿ ಪಾಠ ಮಾಡುತ್ತಾರೆ ಎನ್ನಿ. ಅವರು Settings ತೆರೆದು Keyboard Shortcuts ವಿಭಾಗಕ್ಕೆ ಹೋಗಿ, ಮೈಕ್ ಮ್ಯೂಟ್ ಮಾಡುವ ಸಾಲಿನ ಎದುರು Global Shortcut ಚೌಕಕ್ಕೆ ಟಿಕ್ ಹಾಕಬೇಕು. ಆಗ ಮುಂದೆ ಯಾವ ವಿಂಡೋ ಇದ್ದರೂ `Alt+A` ಜೂಮ್‌ಗೇ ಸೇರುತ್ತದೆ. ಇದಕ್ಕೂ ಒಂದು ಬೆಲೆಯಿದೆ. ಎಕ್ಸೆಲ್‌ನಲ್ಲಿ `Alt`, `A` ಎಂದರೆ ಡೇಟಾ ಟ್ಯಾಬ್. ಪಾಠದ ನಡುವೆ ಲೆಕ್ಕದ ಹಾಳೆ ತೆರೆದು ಅಭ್ಯಾಸಬಲದಿಂದ ಒತ್ತಿದರೆ ಟ್ಯಾಬ್ ತೆರೆಯುವ ಬದಲು ಮೈಕ್ ಮುಚ್ಚಿಹೋದೀತು. ಎಕ್ಸೆಲ್ ಬಳಸುವವರು ಅದೇ ಸಾಲಿನಲ್ಲಿ ಕ್ಲಿಕ್ ಮಾಡಿ, ಬೇರೆಲ್ಲೂ ಬಳಸದ ಕೀಲಿಗಳ ಜೋಡಿಯೊಂದನ್ನು ಒತ್ತಿ ಬದಲಿಸಿಕೊಳ್ಳುವುದು ವಾಸಿ.

ಪರೀಕ್ಷೆಯನ್ನು ಸ್ಲೈಡ್ ಶೋ ಓಡುತ್ತಿರುವಾಗಲೇ ಮಾಡಬೇಕು. ಒಬ್ಬರೇ ಒಂದು ಸಭೆ ಶುರುಮಾಡಿ, ಪರದೆ ಹಂಚಿ, ಸ್ಲೈಡ್ ಪೂರ್ತಿ ತೆರೆದು ಕೀಲಿ ಒತ್ತಿ. ಪರದೆಯಂಚಿನಲ್ಲಿ ತೇಲುವ ಜೂಮ್ ಪಟ್ಟಿಯಲ್ಲಿ ಮೈಕ್ ಚಿತ್ರದ ಮೇಲಿನ ಕೆಂಪು ಗೆರೆ ಬಂದು ಹೋದರೆ ಕೆಲಸ ಆಯಿತು.

ಆದರೂ ಧ್ವನಿ ಹೋಗದಿದ್ದರೆ

ಕೆಂಪು ಗೆರೆಯಿಲ್ಲ, ಆದರೆ ಮಾತಾಡಿದಾಗ ಮೈಕ್ ಚಿತ್ರದೊಳಗೆ ಹಸಿರು ಏರಿಳಿಯುತ್ತಿಲ್ಲ ಎಂದಾದರೆ ಹೆಡ್‌ಸೆಟ್‌ನ ವೈರಿನಲ್ಲಿರುವ ಗುಂಡಿಯನ್ನು ನೋಡಿ. ಅಲ್ಲಿ ಮ್ಯೂಟ್ ಮಾಡಿದ್ದು ಎಷ್ಟೋ ಸಲ ಜೂಮ್‌ಗೆ ತಿಳಿಯುವುದೇ ಇಲ್ಲ. ಎರಡು ಕಡೆ ಬೀಗ ಹಾಕುವ ಗೋಜು ಬೇಡ. ಹೆಡ್‌ಸೆಟ್ ಗುಂಡಿಯನ್ನು ತೆರೆದಿಟ್ಟು ಕೀಬೋರ್ಡ್ ಒಂದನ್ನೇ ಬಳಸಿ.

ಕೀಲಿ ಒತ್ತಿದರೂ ಕೆಂಪು ಗೆರೆ ಹೋಗದಿದ್ದರೆ ಸಭೆಯ ಹೋಸ್ಟ್ ಎಲ್ಲರನ್ನೂ ಮ್ಯೂಟ್ ಮಾಡಿ, ತಾವಾಗಿ ತೆರೆದುಕೊಳ್ಳುವ ಅನುಮತಿಯನ್ನೂ ತೆಗೆದಿರಬಹುದು. ಆಗ ಯಾವ ಶಾರ್ಟ್‌ಕಟ್ಟೂ ನಡೆಯದು. ದೊಡ್ಡ ಸಭೆಯಲ್ಲಿ ಮಾತಾಡುವುದಿದ್ದರೆ ಶುರುವಾಗುವ ಮುಂಚೆಯೇ ನಿಮ್ಮನ್ನು ಕೋ-ಹೋಸ್ಟ್ ಮಾಡುವಂತೆ ಕೇಳಿಕೊಳ್ಳಿ.