ಶೃಂಗೇರಿಯ ಲೂಟಿ ಮತ್ತು ಮಿತಾಕ್ಷರದೊಳಗಿನ ಸಂದು

ಆಸ್ತಿ ಪಾಲಿನ ವ್ಯಾಜ್ಯ ನಡೆದ ಮನೆಗಳಲ್ಲಿ ‘ಮಿತಾಕ್ಷರ’ ಎಂಬ ಹೆಸರನ್ನು ವಕೀಲರ ಬಾಯಲ್ಲಿ ಕೇಳಿರುತ್ತೀರಿ. ಅದನ್ನು ಬರೆದವರು ವಿಜ್ಞಾನೇಶ್ವರ. ಇಂದಿನ ಬಸವಕಲ್ಯಾಣದಿಂದ ಆಳುತ್ತಿದ್ದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ (1076–1126) ಕಾಲದವರು. ಯಾಜ್ಞವಲ್ಕ್ಯ ಸ್ಮೃತಿಗೆ ಅವರು ಬರೆದ ವಿವರಣೆಯೇ ಮಿತಾಕ್ಷರ. ಅದರಲ್ಲಿ ಪಾಲಿನ ಕಾನೂನು ಮಾತ್ರವಲ್ಲ, ಯುದ್ಧದ ಕಾನೂನೂ ಇದೆ. ನಮ್ಮ ಪಕ್ಕದ ಶೃಂಗೇರಿಯಲ್ಲಿ ನಡೆದ ಒಂದು ಘಟನೆಯನ್ನು ಇಟ್ಟುಕೊಂಡು ಅದನ್ನು ಓದಿ ನೋಡೋಣ.

ರಣರಂಗದಲ್ಲಿ ಯಾರನ್ನು ಕೊಲ್ಲಬಾರದು ಎಂದು ಯಾಜ್ಞವಲ್ಕ್ಯ ಸ್ಮೃತಿ ಪಟ್ಟಿ ಕೊಡುತ್ತದೆ: ಶರಣು ಬಂದವನು, ಆಯುಧವಿಲ್ಲದವನು, ಬೇರೊಬ್ಬನೊಡನೆ ಕಾದುತ್ತಿರುವವನು, ಹಿಂದಿರುಗಿ ಹೊರಟವನು, ಯುದ್ಧ ನೋಡಲು ನಿಂತವನು. ವಿಜ್ಞಾನೇಶ್ವರರು ಹಳೆಯ ಶಾಸ್ತ್ರಕಾರರಾದ ಗೌತಮ ಮತ್ತು ಶಂಖರ ಮಾತನ್ನೂ ಸೇರಿಸಿ ಈ ಪಟ್ಟಿಯನ್ನು ಬೆಳೆಸುತ್ತಾರೆ. ಕೈಮುಗಿದವನು, ಮರ ಹತ್ತಿದವನು, ನೀರು ಕುಡಿಯುತ್ತಿರುವವನು, ಉಣ್ಣುತ್ತಿರುವವನು, ಹೆಂಗಸು, ದೂತ, ಎಲ್ಲರೂ ಅದರೊಳಗೆ ಬರುತ್ತಾರೆ. ಎದುರಿಗಿರುವವನು ಯಾರ ಕಡೆಯವನು ಎಂಬುದು ಇಲ್ಲಿ ಮುಖ್ಯವಲ್ಲ. ಆ ಗಳಿಗೆಯಲ್ಲಿ ಅವನು ಹೊಡೆದಾಡುತ್ತಿದ್ದಾನೆಯೇ ಎಂಬುದೇ ಮುಖ್ಯ.

ಈಗ 1791ಕ್ಕೆ ಬರೋಣ. ಮೈಸೂರಿನ ಟಿಪ್ಪು ಸುಲ್ತಾನನ ಮೇಲೆ ಇಂಗ್ಲಿಷರು, ಹೈದರಾಬಾದಿನ ನಿಜಾಮ ಮತ್ತು ಮರಾಠರು ಒಟ್ಟಾಗಿ ಯುದ್ಧ ಹೂಡಿದ್ದರು. ಶೃಂಗೇರಿ ಟಿಪ್ಪುವಿನ ರಾಜ್ಯದಲ್ಲಿತ್ತು. ಪಟವರ್ಧನ ಸರದಾರರ ಮರಾಠಾ ಸೇನೆಯೊಂದಿಗೆ ಬಂದ ಕುದುರೆ ಸವಾರರು ಮಠಕ್ಕೆ ನುಗ್ಗಿದರು. ಜನರನ್ನು ಕೊಂದರು, ಗಾಯಗೊಳಿಸಿದರು. ಮಠದ ಸಂಪತ್ತನ್ನು ದೋಚಿ, ಶಾರದೆಯ ವಿಗ್ರಹವನ್ನು ಪೀಠದಿಂದ ಕಿತ್ತರು. ಆಗಿನ ಗುರುಗಳಾದ ಸಚ್ಚಿದಾನಂದ ಭಾರತಿಯವರು ಊರು ಬಿಟ್ಟು ಕಾರ್ಕಳ ಸೇರಬೇಕಾಯಿತು.

ಇದನ್ನು ಮಿತಾಕ್ಷರದ ಮುಂದಿಟ್ಟರೆ ಕೊಲೆಯ ವಿಚಾರದಲ್ಲಿ ಗೊಂದಲವಿಲ್ಲ. ಆಯುಧವಿಲ್ಲದವರನ್ನು ಕೊಂದದ್ದು ತಪ್ಪು. ಆದರೆ ಲೂಟಿ?

ಸಂದು ಇರುವುದು ಇಲ್ಲೇ. ಗೆದ್ದ ನಾಡಿನ ಆಚಾರ, ವ್ಯವಹಾರ, ಕುಲದ ಕಟ್ಟಳೆಗಳನ್ನು ಇದ್ದ ಹಾಗೆಯೇ ಕಾಪಾಡಬೇಕು ಎಂದು ಯಾಜ್ಞವಲ್ಕ್ಯ ಸ್ಮೃತಿ ರಾಜನಿಗೆ ಹೇಳುತ್ತದೆ. ಒಳ್ಳೆಯ ನಿಯಮ. ಆದರೆ ಅದು ನಾಡು ಕೈವಶವಾದ ಮೇಲಿನ ಮಾತು. ಹಾಗಾದರೆ ವಶವಾಗುವ ಮೊದಲು ಈ ಕಟ್ಟುಪಾಡಿಲ್ಲ ಎಂದರ್ಥ, ಎಂದು ವಿಜ್ಞಾನೇಶ್ವರರು ಬಿಡಿಸಿ ಹೇಳುತ್ತಾರೆ. ಅದಕ್ಕೆ ಮನುವಿನ ಮಾತನ್ನು ಆಧಾರವಾಗಿ ಕೊಡುತ್ತಾರೆ: ಶತ್ರುವನ್ನು ಮುತ್ತಿದಾಗ ಅವನ ನಾಡನ್ನು ಪೀಡಿಸಬಹುದು, ಮೇವು, ಅನ್ನ, ನೀರು, ಸೌದೆಯನ್ನು ಕೆಡಿಸಬಹುದು. ಅಷ್ಟೇ ಅಲ್ಲ, ಗೆದ್ದವನಿಗೆ ಸೇರುವ ವಸ್ತುಗಳನ್ನು ಎಣಿಸುವಾಗ ಮನುಸ್ಮೃತಿ ದವಸ, ದನಗಳ ಜೊತೆಗೆ ಹೆಂಗಸರನ್ನೂ ಸೇರಿಸುತ್ತದೆ.

ಅಂದರೆ ಹೊಲದಲ್ಲಿ ನಿಂತ ರೈತನ ತಲೆಗೆ ರಕ್ಷಣೆ ಇತ್ತು, ಅವನ ಕಣಜಕ್ಕೆ ಇರಲಿಲ್ಲ. ಕಣಜ ಬರಿದಾದರೆ ಆ ತಲೆ ಎಷ್ಟು ದಿನ ಉಳಿದೀತು?

ಶೃಂಗೇರಿಯಲ್ಲಿ ಈ ಸಂದಿನೊಳಗೆ ನುಗ್ಗಿದವರು ಯಾರು? ಮರಾಠರ ಕಡೆಯ ಕಾಗದಗಳು ಪಿಂಡಾರಿಗಳನ್ನು ದೂರುತ್ತವೆ. ಪಿಂಡಾರಿಗಳಿಗೆ ಸಂಬಳ ಇರಲಿಲ್ಲ, ಲೂಟಿಯೇ ಅವರ ಕೂಲಿ. ಸಂಬಳ ಕೊಡದೆ ಅವರನ್ನು ಜೊತೆಗೆ ಕರೆತಂದಾಗಲೇ ಸೇನೆ ಲೂಟಿಗೆ ಒಪ್ಪಿಗೆ ಕೊಟ್ಟಂತೆ. ಆಮೇಲೆ ‘ಅವರು ನಮ್ಮ ಮಾತು ಕೇಳಲಿಲ್ಲ’ ಎನ್ನುವುದು ಸುಲಭ. ಹಳೆಯ ನಿಯಮಗಳು ರಾಜನಿಗೆ ಮತ್ತು ಕ್ಷತ್ರಿಯನಿಗೆ ಹೇಳಿದವು. ಕೂಲಿಗೆ ಬದಲು ಕೊಳ್ಳೆಯನ್ನೇ ನಂಬಿದ ಸವಾರನನ್ನು ತಡೆಯುವ ದಾರಿ ಅವುಗಳಲ್ಲಿ ಇರಲಿಲ್ಲ.

ಗುರುಗಳು ಟಿಪ್ಪುವಿಗೆ ಪತ್ರ ಬರೆದರು. ಇನ್ನೂರು ರಾಹತಿ ನಗದು, ಇನ್ನೂರು ರಾಹತಿ ಬೆಲೆಯ ದವಸ ಕೊಡುವಂತೆ ಟಿಪ್ಪು ನಗರದ ಅಧಿಕಾರಿಗೆ ಆಜ್ಞೆ ಮಾಡಿದ. ಶಾರದೆಯ ಮರುಪ್ರತಿಷ್ಠೆಗೆ ನೆರವಾದ. ಮಠದಲ್ಲಿದ್ದ ಈ ಕನ್ನಡ ಪತ್ರಗಳು 1916ರಲ್ಲಿ ಆರ್. ನರಸಿಂಹಾಚಾರ್ಯರಿಂದ ಬೆಳಕಿಗೆ ಬಂದವು. ಇದೇ ಟಿಪ್ಪುವಿನ ಸೇನೆ ಕೊಡಗಿನ ಜನರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿತ್ತು ಎಂಬುದನ್ನೂ ಮರೆಯುವಂತಿಲ್ಲ. ಅಳತೆಗೋಲು ಎರಡೂ ಕಡೆಗೆ ಒಂದೇ ಇರಬೇಕು.

1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಯಿತು. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿಗೆ ಒಪ್ಪಿದ, ಇಬ್ಬರು ಮಕ್ಕಳನ್ನು ಒತ್ತೆ ಇಟ್ಟ. ಎರಡೂ ಕಡೆಯ ಕೈದಿಗಳನ್ನು ಬಿಡಬೇಕೆಂಬ ಮಾತೂ ಇತ್ತು. ಅದು ರಾಜರು ರಾಜರೊಡನೆ ತೀರಿಸಿಕೊಂಡ ಲೆಕ್ಕ.

ಆ ಸಂದನ್ನು ಕಾನೂನಿನ ಪುಸ್ತಕದಲ್ಲಿ ಮುಚ್ಚಲು ಬಹಳ ಕಾಲ ಬೇಕಾಯಿತು. 1907ರ ಹೇಗ್ ನಿಯಮಗಳು ಲೂಟಿಯನ್ನು ನಿಷೇಧಿಸಿದವು. 1949ರ ನಾಲ್ಕನೇ ಜಿನೀವಾ ಒಪ್ಪಂದ ಅದನ್ನೇ ಮತ್ತೆ ಹೇಳಿತು. ಅಲ್ಲಿ ‘ವಶವಾದ ಮೇಲೆ’ ಎಂಬ ಷರತ್ತಿಲ್ಲ. ಟಿವಿಯಲ್ಲಿ ಯುದ್ಧದ ಸುದ್ದಿ ನೋಡುವಾಗ ಎಷ್ಟು ಜನ ಸತ್ತರು ಎಂಬ ಲೆಕ್ಕ ಮೊದಲು ಬರುತ್ತದೆ. ಉಳಿದವರ ದವಸ, ನೀರು, ಸೌದೆ ಏನಾಯಿತು ಎಂದೂ ನಾವು ಕೇಳಬೇಕು.